ಯಾವ ಸಾಲು, ಯಾಕೆ ಆ ಸಾಲು

ಸಿಬಿಎಸ್‌ಇ 12ನೇ ತರಗತಿಯ ಬಿಸಿನೆಸ್ ಸ್ಟಡೀಸ್ ಪ್ರಶ್ನೆಪತ್ರಿಕೆ ಬಿಡಿಸಿದರೆ ಪುಟಪುಟದಲ್ಲೂ ಒಂದೊಂದು ಕಂಪನಿಯ ಕತೆ ಸಿಗುತ್ತದೆ. ಯಾರೋ ಡೇರಿ ಶುರು ಮಾಡಿರುತ್ತಾರೆ, ಯಾರದೋ ಕಾರ್ಖಾನೆಯಲ್ಲಿ ಇಬ್ಬರು ಮ್ಯಾನೇಜರುಗಳಿಗೆ ಸರಿಬರುವುದಿಲ್ಲ, ಇನ್ಯಾರೋ ಕೆಲಸಗಾರರಿಗೆ ಬೋನಸ್ ಕೊಟ್ಟು ಉತ್ಪಾದನೆ ಹೆಚ್ಚಿಸಿಕೊಂಡಿರುತ್ತಾರೆ. ಕತೆ ಮುಗಿದ ಕೂಡಲೇ ಪ್ರಶ್ನೆ: ಮೇಲಿನ ಪ್ಯಾರಾದಿಂದ ಸಾಲುಗಳನ್ನು ಉಲ್ಲೇಖಿಸಿ, ಇಲ್ಲಿ ಪಾಲನೆಯಾದ ಅಥವಾ ಉಲ್ಲಂಘನೆಯಾದ ತತ್ವವನ್ನು ಗುರುತಿಸಿ, ವಿವರಿಸಿ. ಮೂರು ತಾಸಿನ, 80 ಅಂಕಗಳ ಈ ಪರೀಕ್ಷೆಯಲ್ಲಿ ಒಂದಂಕದ 20 ಪ್ರಶ್ನೆಗಳನ್ನು ಬಿಟ್ಟರೆ ಉಳಿದವು ಮೂರು, ನಾಲ್ಕು, ಆರು ಅಂಕದವು. ಅವುಗಳಲ್ಲಿ ಇಂಥ ಪ್ರಕರಣಗಳಿಗೆ ದೊಡ್ಡ ಪಾಲು ಇರುತ್ತದೆ. ಒಂದಂಕದ ಬಹು ಆಯ್ಕೆಯ ಪ್ರಶ್ನೆಗಳಲ್ಲೂ ಪುಟ್ಟ ಪ್ರಕರಣಗಳು ನುಸುಳಿರುತ್ತವೆ. ನಮ್ಮ ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದ ಪಠ್ಯವೂ ಅದೇ ಎನ್‌ಸಿಇಆರ್‌ಟಿ ಪುಸ್ತಕವನ್ನು ಆಧರಿಸಿದ್ದರಿಂದ ಈ ವಿಷಯ ಎರಡೂ ಕಡೆಯ ಮಕ್ಕಳಿಗೆ ಸೇರಿದ್ದು.

ಈ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುವವರೆಲ್ಲ ಪಾಠ ಓದದವರಲ್ಲ. ಹೆನ್ರಿ ಫಯೋಲನ 14 ತತ್ವಗಳನ್ನು ಕ್ರಮ ತಪ್ಪದೆ ಹೇಳಬಲ್ಲವರೂ ಇಲ್ಲಿ ಎಡವುತ್ತಾರೆ. ಯಾಕೆಂದರೆ ತತ್ವದ ಹೆಸರು ಬರೆದರೆ ಮುಗಿಯಿತು, ಸಾಲು ಉಲ್ಲೇಖಿಸುವುದು ಒಂದು ಶಾಸ್ತ್ರ ಎಂದು ಅವರು ತಿಳಿದಿರುತ್ತಾರೆ. ಹೆಸರು ಹೊಳೆದ ಮೇಲೆ ಪ್ಯಾರಾದಿಂದ ಕೈಗೆ ಸಿಕ್ಕ ಎರಡು ವಾಕ್ಯ ಎತ್ತಿ ಬರೆಯುತ್ತಾರೆ. ಆದರೆ ಪ್ರಕರಣ ಬರೆದವರು ಬೇಕೆಂದೇ ಒಂದನ್ನೊಂದು ಹೋಲುವ ಎರಡು ತತ್ವಗಳ ನಡುವೆ ಕತೆಯನ್ನು ನಿಲ್ಲಿಸಿರುತ್ತಾರೆ. ಯಾವುದೋ ಒಂದು ಸಾಲಿನ ಒಂದು ತುಣುಕು ಮಾತ್ರ ಇದು ಅದಲ್ಲ, ಇದು ಎಂದು ಹೇಳುತ್ತದೆ. ಆ ತುಣುಕನ್ನು ಹುಡುಕುವುದೇ ಪರೀಕ್ಷೆ. ಹೆಸರನ್ನು ಮೊದಲು ಊಹಿಸಿ ಸಾಲನ್ನು ಆಮೇಲೆ ಹುಡುಕುವವರಿಗೂ, ಸಾಲು ಹಿಡಿದು ಹೆಸರಿಗೆ ಬರುವವರಿಗೂ ಇರುವ ವ್ಯತ್ಯಾಸ ಇಷ್ಟೇ.

ಒಂದು ಪ್ರಕರಣವನ್ನೇ ಇಟ್ಟುಕೊಂಡು ನೋಡೋಣ. ಪರೀಕ್ಷೆಯ ಮಾದರಿಯಲ್ಲೇ ಇದನ್ನು ಹೆಣೆದಿದ್ದೇನೆ.

"ಶಿರಸಿಯ ಬಳಿ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸುವ ಘಟಕವೊಂದಿದೆ. ಮಿಡಿ ತೊಳೆಯುವುದು, ಉಪ್ಪಿಗೆ ಹಾಕುವುದು, ಮಸಾಲೆ ಅರೆಯುವುದು, ಬಾಟಲಿ ತುಂಬುವುದು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ತಂಡವಿದ್ದು, ಅದೇ ಕೆಲಸವನ್ನು ಮಾಡುತ್ತ ಬಂದಿರುವುದರಿಂದ ಅವರ ಕೈ ಪಳಗಿದೆ. ಈ ವರ್ಷ ಆರ್ಡರ್ ಹೆಚ್ಚಿತು. ದಿನಕ್ಕೆ 600 ಬಾಟಲಿ ತುಂಬಿ ಮುಗಿಸಲೇಬೇಕೆಂದು ಉತ್ಪಾದನಾ ವ್ಯವಸ್ಥಾಪಕರು ಬಾಟಲಿ ತಂಡದ ಮೇಸ್ತ್ರಿಗೆ ಹೇಳಿದರು. ಅದೇ ದಿನ ಗುಣಮಟ್ಟ ವ್ಯವಸ್ಥಾಪಕರು ಬಂದು, ಎಷ್ಟೇ ತಡವಾದರೂ ಪ್ರತಿ ಬಾಟಲಿಯನ್ನು ತೂಗಿ, ಮುಚ್ಚಳ ಪರೀಕ್ಷಿಸದೆ ಒಂದನ್ನೂ ಮುಂದೆ ಕಳಿಸಬಾರದೆಂದು ಅವರಿಗೇ ಆದೇಶಿಸಿದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ಮೇಸ್ತ್ರಿ ಗೊಂದಲಕ್ಕೆ ಬಿದ್ದರು, ಕೆಲಸ ಹಿಂದೆ ಬಿತ್ತು. ಉಪ್ಪು, ಮೆಣಸಿನಕಾಯಿ ಸಕಾಲಕ್ಕೆ ತರಿಸುವ ಪೂರ್ಣ ಹೊಣೆ ಖರೀದಿ ಅಧಿಕಾರಿಯದು. ಆದರೆ 5,000 ರೂಪಾಯಿ ಮೀರಿದ ಯಾವ ಖರೀದಿಗೂ ಮಾಲೀಕರ ಸಹಿ ಬೇಕು. ಮಿಡಿ ಬಂದ ವಾರ ಮಾಲೀಕರು ಊರಲ್ಲಿರಲಿಲ್ಲ. ಉಪ್ಪು ಸಾಲದೆ ಮಿಡಿ ಕೊಳೆಯಿತು. ಇಷ್ಟರಲ್ಲಿ ರವಾನೆಗೆ ಹೋದ ಕೆಲವು ಪೆಟ್ಟಿಗೆಗಳಲ್ಲಿ ಎಣ್ಣೆ ಸೋರುವುದನ್ನು ಬಾಟಲಿ ತಂಡದ ಮೇಸ್ತ್ರಿ ಕಂಡರು. ತಮ್ಮದೇ ದರ್ಜೆಯ ರವಾನೆ ವಿಭಾಗದ ಮೇಸ್ತ್ರಿಗೆ ನೇರವಾಗಿ ತಿಳಿಸದೆ, ಉತ್ಪಾದನಾ ವ್ಯವಸ್ಥಾಪಕರಿಗೆ ಹೇಳಿದರು. ಅಲ್ಲಿಂದ ಮಾತು ಮಾಲೀಕರಿಗೆ ಹೋಗಿ, ರವಾನೆ ವ್ಯವಸ್ಥಾಪಕರಿಗೆ ಇಳಿದು, ಕೊನೆಗೆ ರವಾನೆ ಮೇಸ್ತ್ರಿಗೆ ಮುಟ್ಟುವಷ್ಟರಲ್ಲಿ ಹುಬ್ಬಳ್ಳಿಯ ಲಾರಿ ಹೊರಟಾಗಿತ್ತು."

ಪ್ರಶ್ನೆ: ಮೇಲಿನ ಪ್ರಕರಣದಲ್ಲಿ ಪಾಲನೆಯಾದ ಒಂದು ಹಾಗೂ ಉಲ್ಲಂಘನೆಯಾದ ಎರಡು ನಿರ್ವಹಣಾ ತತ್ವಗಳನ್ನು ಸಾಲುಗಳನ್ನು ಉಲ್ಲೇಖಿಸಿ ಗುರುತಿಸಿ, ವಿವರಿಸಿ. ಅಂಕ 6.

ಪ್ರಶ್ನೆಯನ್ನು ಮೊದಲು ಓದುವುದು

ಪ್ರಕರಣಕ್ಕಿಂತ ಮೊದಲು ಪ್ರಶ್ನೆಯನ್ನು ಓದಬೇಕು. ಪರೀಕ್ಷೆ ಬೆಳಗ್ಗೆ 10.30ಕ್ಕೆ ಶುರುವಾಗುವ ಮುನ್ನ ಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ಪ್ರಕರಣಗಳ ಕೆಳಗಿನ ಪ್ರಶ್ನೆಗಳನ್ನಷ್ಟೇ ಗಮನವಿಟ್ಟು ಓದಿಕೊಂಡರೂ ಕತೆಯನ್ನು ಯಾವ ಕಣ್ಣಿನಿಂದ ನೋಡಬೇಕೆಂಬುದು ಗೊತ್ತಾಗುತ್ತದೆ. ಇಲ್ಲಿ ಮೂರು ಸಂಗತಿ ತಿಳಿಯಬೇಕು. ಬೇಕಾದ್ದು ತತ್ವವೋ, ನಿರ್ವಹಣೆಯ ಕಾರ್ಯವೋ, ಯಾವುದಾದರೂ ಪ್ರಕ್ರಿಯೆಯ ಹಂತವೋ? ಪಾಲನೆಯಾದದ್ದೋ, ಉಲ್ಲಂಘನೆಯಾದದ್ದೋ? ಹೆಸರಿಸಿದರೆ ಸಾಕೋ, ವಿವರಿಸಬೇಕೋ?

ಕೊನೆಯ ಮಾತಿಗೆ ಅಂಕದ ಲೆಕ್ಕವಿದೆ. ಸಿಬಿಎಸ್‌ಇ ಹೊರತರುವ ಮೌಲ್ಯಮಾಪನ ಸೂಚಿಗಳನ್ನು ತಿರುವಿದರೆ ಎರಡಂಕದ ಒಂದು ಅಂಶವನ್ನು ಮೂರು ತುಂಡು ಮಾಡಿರುವುದು ಮತ್ತೆ ಮತ್ತೆ ಕಾಣುತ್ತದೆ: ಗುರುತಿಸಿದ್ದಕ್ಕೆ ಅರ್ಧ, ಸಾಲು ಉಲ್ಲೇಖಿಸಿದ್ದಕ್ಕೆ ಅರ್ಧ, ವಿವರಿಸಿದ್ದಕ್ಕೆ ಒಂದು. ನಮ್ಮ ಪ್ರಶ್ನೆಯಲ್ಲಿ ಮೂರು ತತ್ವಗಳಿವೆ, ತಲಾ ಎರಡು ಅಂಕ. ಸಾಲನ್ನೇ ಬರೆಯದವರು ಎಷ್ಟು ಚೆನ್ನಾಗಿ ವಿವರಿಸಿದರೂ ಒಂದೂವರೆ ಅಂಕ ಬಿಟ್ಟುಕೊಟ್ಟಂತೆ. ಹಾಗೆಯೇ ಪ್ರಶ್ನೆಯಲ್ಲಿ ಸಾಲು ಕೇಳದೆ ಇದ್ದಾಗ ಸೂಚಿಯಲ್ಲೂ ಉಲ್ಲೇಖ ಬೇಕಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಕೇಳದೆ ಇದ್ದಲ್ಲಿ ಅರ್ಧ ಪುಟ ನಕಲು ಮಾಡಿ ಕೂರುವುದು ಸಮಯ ದಂಡ.

ಇನ್ನು ಪ್ರಕರಣಕ್ಕೆ ಬರೋಣ.

ಕಾರಣದ ಸಾಲು, ಪರಿಣಾಮದ ಸಾಲು

ಪಾಲನೆಯಾದ ತತ್ವ ಸುಲಭವಾಗಿ ಸಿಗುತ್ತದೆ. ಕೆಲಸಗಳನ್ನು ಹಂಚಿದ್ದಾರೆ, ಇದು ಡಿವಿಷನ್ ಆಫ್ ವರ್ಕ್, ಅಂದರೆ ಕೆಲಸದ ವಿಭಜನೆ. ಆದರೆ ಸಾಲು ಉಲ್ಲೇಖಿಸುವಾಗ "ಒಂದೊಂದು ಕೆಲಸಕ್ಕೆ ಒಂದೊಂದು ತಂಡವಿದ್ದು" ಎಂಬಲ್ಲಿಗೆ ನಿಲ್ಲಿಸಿದರೆ ಅರ್ಧವೇ ಆಯಿತು. ಫಯೋಲನ ಪ್ರಕಾರ ಕೆಲಸ ಹಂಚುವುದು ಪರಿಣತಿಗಾಗಿ. ಸಣ್ಣ ಸಣ್ಣ ಕೆಲಸಗಳಾಗಿ ಒಡೆದು, ಪ್ರತಿಯೊಂದನ್ನೂ ಅದರಲ್ಲಿ ಪಳಗಿದವರೇ ಮಾಡಿದಾಗ ಅಷ್ಟೇ ಶ್ರಮದಲ್ಲಿ ಹೆಚ್ಚು ಮತ್ತು ಉತ್ತಮ ಕೆಲಸವಾಗುತ್ತದೆ ಎಂಬುದು ಅವನ ಮಾತು. ಹಾಗಾಗಿ "ಅದೇ ಕೆಲಸವನ್ನು ಮಾಡುತ್ತ ಬಂದಿರುವುದರಿಂದ ಅವರ ಕೈ ಪಳಗಿದೆ" ಎಂಬ ತುಣುಕು ಸೇರಿದಾಗ ಮಾತ್ರ ಸಾಕ್ಷಿ ಪೂರ್ಣವಾಗುತ್ತದೆ.

ಮುಂದಿನದು ಮೇಸ್ತ್ರಿಯ ಗೊಂದಲ. ಇಬ್ಬರು ಮೇಲಿನವರು, ಎರಡು ಆದೇಶ. ಯೂನಿಟಿ ಆಫ್ ಕಮಾಂಡ್, ಆದೇಶದ ಏಕತೆ ಮುರಿದಿದೆ ಎಂದು ಬಹಳ ಜನ ಬರೆಯುತ್ತಾರೆ, ಅದು ಸರಿ. ಆದರೆ ಸಾಕ್ಷಿಯಾಗಿ ಅವರು ಎತ್ತಿಕೊಳ್ಳುವ ಸಾಲು ಹೆಚ್ಚಾಗಿ ಇದು: "ಯಾರ ಮಾತು ಕೇಳಬೇಕೆಂದು ತಿಳಿಯದೆ ಮೇಸ್ತ್ರಿ ಗೊಂದಲಕ್ಕೆ ಬಿದ್ದರು, ಕೆಲಸ ಹಿಂದೆ ಬಿತ್ತು." ಕಣ್ಣಿಗೆ ಹೊಡೆಯುವ ಸಾಲು ಅದೇ, ಕತೆಯ ಸಂಕಟ ಇರುವುದೂ ಅಲ್ಲೇ. ಆದರೆ ಅದು ಪರಿಣಾಮ. ಗೊಂದಲ ಹತ್ತು ಕಾರಣಗಳಿಂದ ಆಗಬಹುದು. ಆದೇಶ ಅಸ್ಪಷ್ಟವಾಗಿದ್ದರೂ ಆಗುತ್ತದೆ, ತರಬೇತಿ ಇಲ್ಲದಿದ್ದರೂ ಆಗುತ್ತದೆ. ತತ್ವ ಮುರಿದ ಜಾಗ ಅದಕ್ಕಿಂತ ಮೊದಲಿನ ಎರಡು ವಾಕ್ಯಗಳಲ್ಲಿದೆ. ಒಬ್ಬರು "ಬಾಟಲಿ ತಂಡದ ಮೇಸ್ತ್ರಿಗೆ ಹೇಳಿದರು", ಇನ್ನೊಬ್ಬರು "ಅವರಿಗೇ ಆದೇಶಿಸಿದರು". ಆ "ಅವರಿಗೇ" ಎಂಬ ಪದವೇ ಇಡೀ ಉತ್ತರವನ್ನು ಹೊತ್ತಿದೆ. ಒಬ್ಬ ಅಧೀನ, ಇಬ್ಬರು ಮೇಲಧಿಕಾರಿಗಳು.

ಇಲ್ಲೇ ಅವಳಿ ತತ್ವದ ಬಲೆ ಇರುವುದು. ಯೂನಿಟಿ ಆಫ್ ಕಮಾಂಡ್ ಮತ್ತು ಯೂನಿಟಿ ಆಫ್ ಡೈರೆಕ್ಷನ್ ಹೆಸರಿನಲ್ಲೂ ಹತ್ತಿರ, ಸಮಸ್ಯೆಯಲ್ಲೂ ಹತ್ತಿರ. ಮೊದಲನೆಯದು ಒಬ್ಬ ವ್ಯಕ್ತಿಯ ಮಾತು: ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ. ಎರಡನೆಯದು ಚಟುವಟಿಕೆಗಳ ಗುಂಪಿನ ಮಾತು: ಒಂದೇ ಗುರಿಯ ಕೆಲಸಗಳಿಗೆ ಒಬ್ಬ ಮುಖ್ಯಸ್ಥ, ಒಂದು ಯೋಜನೆ. ನಮ್ಮ ಘಟಕ ಉಪ್ಪಿನಕಾಯಿಯ ಜೊತೆಗೆ ಹಪ್ಪಳವನ್ನೂ ಮಾಡುತ್ತಿದ್ದು, ಎರಡಕ್ಕೂ ಬೇರೆ ಬೇರೆ ಮುಖ್ಯಸ್ಥರಿಲ್ಲದೆ, ಎರಡು ತಂಡಗಳೂ ಒಂದೇ ಅಂಗಡಿಗಳಿಗೆ ಹೋಗಿ ಒಂದೇ ಕೆಲಸವನ್ನು ಎರಡು ಸಲ ಮಾಡಿ ಬರುತ್ತಿದ್ದರೆ ಅಲ್ಲಿ ಡೈರೆಕ್ಷನ್ ಕೆಟ್ಟಿದೆ ಎನ್ನಬಹುದಿತ್ತು. ಪ್ರಕರಣದಲ್ಲಿ ವಿಭಾಗಗಳ ಯೋಜನೆಯ ಮಾತೇ ಇಲ್ಲ. ಇರುವುದು ಒಬ್ಬ ಮೇಸ್ತ್ರಿ. ಸಾಲಿನಲ್ಲಿ ವ್ಯಕ್ತಿ ಕಂಡರೆ ಕಮಾಂಡ್, ಗುಂಪು ಮತ್ತು ಯೋಜನೆ ಕಂಡರೆ ಡೈರೆಕ್ಷನ್. ಪಠ್ಯಪುಸ್ತಕ ಕೊಡುವ ಉದಾಹರಣೆಯೂ ಹೀಗೇ ಇದೆ. ಮಾರಾಟ ಮಾಡುವವರಿಗೆ ಮಾರ್ಕೆಟಿಂಗ್ ಮ್ಯಾನೇಜರು ಶೇ. 10 ರಿಯಾಯಿತಿ ಕೊಡಬಹುದು ಎನ್ನುತ್ತಾರೆ, ಹಣಕಾಸು ವಿಭಾಗ ಶೇ. 5 ದಾಟಬೇಡಿ ಎನ್ನುತ್ತದೆ. ಸಿಕ್ಕಿಹಾಕಿಕೊಳ್ಳುವುದು ನಡುವಿನ ಒಬ್ಬ ವ್ಯಕ್ತಿ.

ಚುರುಕಾದ ವಿದ್ಯಾರ್ಥಿಗೆ ಇನ್ನೊಂದು ಅನುಮಾನವೂ ಬರಬಹುದು, ಬರಬೇಕು ಕೂಡ. ಒಬ್ಬರು ವೇಗ ನೋಡುತ್ತಾರೆ, ಮತ್ತೊಬ್ಬರು ಗುಣಮಟ್ಟ ನೋಡುತ್ತಾರೆ. ಇದು ಎಫ್. ಡಬ್ಲ್ಯೂ. ಟೇಲರ್ ಹೇಳಿದ ಫಂಕ್ಷನಲ್ ಫೋರ್‌ಮನ್‌ಶಿಪ್ ಅಲ್ಲವೇ? ಟೇಲರನ ಕಲ್ಪನೆಯಲ್ಲಿ ಒಬ್ಬ ಕೆಲಸಗಾರನ ಮೇಲೆ ಎಂಟು ಮಂದಿ ಪರಿಣತ ಮೇಲ್ವಿಚಾರಕರು. ಯೋಜನೆಯ ಕಡೆಯಿಂದ ನಾಲ್ವರು, ಉತ್ಪಾದನೆಯ ಕಡೆಯಿಂದ ನಾಲ್ವರು. ಸಕಾಲಕ್ಕೆ ಕೆಲಸ ಮುಗಿಸುವ ಸ್ಪೀಡ್ ಬಾಸ್, ಗುಣಮಟ್ಟ ನೋಡುವ ಇನ್‌ಸ್ಪೆಕ್ಟರ್ ಇಬ್ಬರೂ ಉತ್ಪಾದನೆಯ ಕಡೆಯವರು. ಫಯೋಲ್ ಬೇಡವೆಂದ ಇಬ್ಬಗೆಯ ಆದೇಶವನ್ನು ಟೇಲರ್ ಬೇಕೆಂದೇ ಒಪ್ಪಿಕೊಂಡಿದ್ದ. ಹಾಗಾದರೆ ಇಲ್ಲಿ ಯಾರ ಪಕ್ಷ ಹಿಡಿಯುವುದು? ತೀರ್ಪು ಕೊಡುವುದು ಮತ್ತೆ ಸಾಲೇ. ಘಟಕದಲ್ಲಿ ಯೋಜನೆಯನ್ನೂ ಅದರ ಜಾರಿಯನ್ನೂ ಬೇರ್ಪಡಿಸಿ ಪರಿಣತ ಮೇಲ್ವಿಚಾರಕರನ್ನು ನೇಮಿಸಿದ್ದಾರೆ ಎಂಬ ಮಾತು ಎಲ್ಲೂ ಇಲ್ಲ. ಮೇಲಾಗಿ ಪ್ರಶ್ನೆ ಕೇಳಿದ್ದು ಉಲ್ಲಂಘನೆಯಾದ ತತ್ವ. ಪ್ಯಾರಾದಲ್ಲಿ ಇಲ್ಲದ ವ್ಯವಸ್ಥೆಯನ್ನು ನಾವೇ ಕಲ್ಪಿಸಿಕೊಂಡು ಉತ್ತರ ಬರೆಯುವಂತಿಲ್ಲ.

ಮೂರನೆಯದು ಉಪ್ಪಿನ ಕತೆ. ಇಲ್ಲೂ "ಉಪ್ಪು ಸಾಲದೆ ಮಿಡಿ ಕೊಳೆಯಿತು" ಎಂಬ ಸಾಲು ಕೈ ಬೀಸಿ ಕರೆಯುತ್ತದೆ. ಅದನ್ನು ಉಲ್ಲೇಖಿಸಿದವರು ಯಾವ ತತ್ವವನ್ನಾದರೂ ಬರೆಯಬಹುದು. ಆರ್ಡರ್, ಅಂದರೆ ಪ್ರತಿಯೊಂದಕ್ಕೂ ಅದರ ಸ್ಥಾನವೆಂಬ ವ್ಯವಸ್ಥೆಯ ತತ್ವ ಎಂದೂ ಬರೆಯುತ್ತಾರೆ. ಬೇಕಾದ ವಸ್ತು ಬೇಕಾದ ಹೊತ್ತಿಗೆ ಇರಲಿಲ್ಲವಲ್ಲ ಎಂಬುದು ಅವರ ತರ್ಕ. ಆದರೆ ಉಪ್ಪು ಯಾಕಿರಲಿಲ್ಲ ಎಂದು ಒಂದು ಹೆಜ್ಜೆ ಹಿಂದೆ ಹೋದರೆ ಕಾರಣ ಸಿಗುತ್ತದೆ: "ಪೂರ್ಣ ಹೊಣೆ ಖರೀದಿ ಅಧಿಕಾರಿಯದು. ಆದರೆ 5,000 ರೂಪಾಯಿ ಮೀರಿದ ಯಾವ ಖರೀದಿಗೂ ಮಾಲೀಕರ ಸಹಿ ಬೇಕು." ಹೊಣೆ ಪೂರ್ತಿ, ಅಧಿಕಾರ ಅರ್ಧಂಬರ್ಧ. ಅಥಾರಿಟಿ ಮತ್ತು ರೆಸ್ಪಾನ್ಸಿಬಿಲಿಟಿ, ಅಂದರೆ ಅಧಿಕಾರ ಮತ್ತು ಹೊಣೆಗಾರಿಕೆ ಸಮತೂಕದಲ್ಲಿರಬೇಕೆಂಬ ತತ್ವ ಮುರಿದಿದೆ. ಎರಡು ವಾಕ್ಯಗಳನ್ನೂ ಉಲ್ಲೇಖಿಸಲೇಬೇಕು. ಮೊದಲನೆಯದನ್ನು ಮಾತ್ರ ಬರೆದರೆ ತತ್ವ ಪಾಲನೆಯಾದಂತೆ ಕಾಣುತ್ತದೆ. ಎರಡನೆಯದನ್ನು ಮಾತ್ರ ಬರೆದರೆ ಮಾಲೀಕರು ಅಧಿಕಾರವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ, ಇದು ಕೇಂದ್ರೀಕರಣ ಎನಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅಸಮತೋಲನ ಗೋಚರಿಸುವುದು.

ಕಾರಣದ ಸಾಲನ್ನೂ ಪರಿಣಾಮದ ಸಾಲನ್ನೂ ಬೇರ್ಪಡಿಸಲು ಪೆನ್ಸಿಲ್ ಸಾಕು. ಓದುವಾಗ "ಇದರಿಂದಾಗಿ", "ಕೊನೆಗೆ", "ಪರಿಣಾಮವಾಗಿ" ಎಂಬಂಥ ಪದಗಳು ಸಿಕ್ಕಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಗೆರೆಯ ಹಿಂದಿನದು ಮ್ಯಾನೇಜರು ಮಾಡಿದ್ದು, ಮುಂದಿನದು ಅದರಿಂದ ಆದದ್ದು. ತತ್ವ ಇರುವುದು ಮಾಡಿದ್ದರಲ್ಲಿ. ಲಾಭ, ನಷ್ಟ, ಗೊಂದಲ, ಜಗಳ, ತಡ ಇವೆಲ್ಲ ಆದದ್ದು. ಅವು ವಿವರಣೆಯಲ್ಲಿ ಉಪಯೋಗಕ್ಕೆ ಬರುತ್ತವೆ, ಸಾಕ್ಷಿಯ ಜಾಗದಲ್ಲಿ ಅಲ್ಲ. ಪ್ರಶ್ನೆಯೇ ಉಲ್ಲಂಘನೆಯ ಪರಿಣಾಮ ಬರೆಯಿರಿ ಎಂದು ಕೇಳಿದಾಗ ಮಾತ್ರ ಈ ಸಾಲುಗಳ ಸರದಿ.

ಮುರಿಯದ ತತ್ವ

ಕೊನೆಯದು ಲಾರಿಯ ಪ್ರಸಂಗ. ಹೆಚ್ಚು ಜನ ಜಾರುವುದು ಇಲ್ಲಿ. ಮಾತು ತಡವಾಗಿ ಮುಟ್ಟಿತು, ಸೋರುವ ಪೆಟ್ಟಿಗೆಗಳು ಹೋದವು, ನಷ್ಟವಾಯಿತು. ಸ್ಕೇಲಾರ್ ಚೈನ್, ಅಂದರೆ ಮೇಲಿನಿಂದ ಕೆಳಕ್ಕೆ ಹೋಗುವ ಅಧಿಕಾರದ ಸರಪಳಿ ಉಲ್ಲಂಘನೆಯಾಗಿದೆ ಎಂದು ಬರೆಯಲು ಕೈ ತುಡಿಯುತ್ತದೆ. ಸಾಲನ್ನು ಇನ್ನೊಮ್ಮೆ ಓದಿ. ಮೇಸ್ತ್ರಿ ತಮ್ಮ ವ್ಯವಸ್ಥಾಪಕರಿಗೆ ಹೇಳಿದರು, ಮಾತು ಮಾಲೀಕರಿಗೆ ಏರಿತು, ರವಾನೆ ವ್ಯವಸ್ಥಾಪಕರಿಗೆ ಇಳಿಯಿತು, ರವಾನೆ ಮೇಸ್ತ್ರಿಗೆ ಮುಟ್ಟಿತು. ಸರಪಳಿಯ ಒಂದು ಕೊಂಡಿಯೂ ತಪ್ಪಿಲ್ಲ. ಇಲ್ಲಿ ಸ್ಕೇಲಾರ್ ಚೈನ್ ಪಾಲನೆಯಾಗಿದೆ, ಅಕ್ಷರಶಃ ಪಾಲನೆಯಾಗಿದೆ. ತುರ್ತಿನಲ್ಲಿ ಒಂದೇ ದರ್ಜೆಯವರು ನೇರವಾಗಿ ಮಾತಾಡಿಕೊಳ್ಳಲು ಫಯೋಲನೇ ಬಿಟ್ಟಿದ್ದ ಗ್ಯಾಂಗ್ ಪ್ಲಾಂಕ್ ಎಂಬ ಅಡ್ಡದಾರಿಯನ್ನು ಬಳಸಿಲ್ಲ, ಅಷ್ಟೇ. ಫಯೋಲ್ ಫ್ರಾನ್ಸಿನ ಗಣಿ ಕಂಪನಿಯೊಂದನ್ನು ನಡೆಸಿದ ಎಂಜಿನಿಯರ್, 1916ರಲ್ಲಿ ತನ್ನ ತತ್ವಗಳನ್ನು ಬರೆದಿಟ್ಟವನು. ಔಪಚಾರಿಕ ದಾರಿಯಲ್ಲೇ ಹೋಗುತ್ತ ಕೂತರೆ ಆಗುವ ವಿಳಂಬ ಅವನಿಗೆ ಗೊತ್ತಿತ್ತು.

ಕೆಟ್ಟ ಪರಿಣಾಮ ಕಂಡ ಕಡೆ ತತ್ವ ಮುರಿದಿದೆ ಎಂದು ತೀರ್ಮಾನಿಸುವುದು ಪ್ರಕರಣ ಪ್ರಶ್ನೆಗಳಲ್ಲಿ ಮಾಮೂಲಿ ದೋಷ. ಹಾಗಾದರೆ ನಮ್ಮ ಪ್ರಶ್ನೆಗೆ ಪಾಲನೆಯಾದ ತತ್ವಗಳು ಎರಡು ಸಿಕ್ಕಿದವು, ಕೆಲಸದ ವಿಭಜನೆ ಮತ್ತು ಸ್ಕೇಲಾರ್ ಚೈನ್. ಕೇಳಿದ್ದು ಒಂದು. ಯಾವುದನ್ನು ಬರೆದರೂ ಸರಿ, ಆದರೆ ಸಾಕ್ಷಿ ನೇರವಾಗಿರುವುದನ್ನು ಆರಿಸಿಕೊಳ್ಳುವುದು ಜಾಣತನ. ಎರಡನ್ನೂ ಬರೆದರೆ ಒಂದಕ್ಕೆ ವ್ಯಯಿಸಿದ ನಿಮಿಷಗಳು ಇನ್ನೊಂದು ಪ್ರಶ್ನೆಯ ಪಾಲಿನವು.

ಈಗ ಉತ್ತರವನ್ನು ಬರೆದು ನೋಡೋಣ. ಆರಂಕದ ಉತ್ತರ ಸುಮಾರು 200 ಪದಗಳಲ್ಲಿರಲಿ ಎಂದು ಪತ್ರಿಕೆಯ ಸಾಮಾನ್ಯ ಸೂಚನೆಗಳಲ್ಲೇ ಇರುತ್ತದೆ. ಒಂದೊಂದು ತತ್ವಕ್ಕೆ 60, 70 ಪದ ಸಿಗುತ್ತವೆ. ಉಲ್ಲಂಘನೆಯಾದ ಮೊದಲ ತತ್ವದ ಭಾಗ ಹೀಗಿರಬಹುದು:

"ಉಲ್ಲಂಘನೆಯಾದ ತತ್ವ: ಆದೇಶದ ಏಕತೆ. ಸಾಲು: 'ದಿನಕ್ಕೆ 600 ಬಾಟಲಿ ತುಂಬಿ ಮುಗಿಸಲೇಬೇಕೆಂದು ಉತ್ಪಾದನಾ ವ್ಯವಸ್ಥಾಪಕರು ಬಾಟಲಿ ತಂಡದ ಮೇಸ್ತ್ರಿಗೆ ಹೇಳಿದರು... ಗುಣಮಟ್ಟ ವ್ಯವಸ್ಥಾಪಕರು ಬಂದು... ಅವರಿಗೇ ಆದೇಶಿಸಿದರು.' ವಿವರಣೆ: ಒಬ್ಬ ಅಧೀನ ನೌಕರ ಒಬ್ಬನೇ ಮೇಲಧಿಕಾರಿಯಿಂದ ಆದೇಶ ಪಡೆದು, ಅವರಿಗೆ ಮಾತ್ರ ಉತ್ತರದಾಯಿಯಾಗಿರಬೇಕು. ಇಲ್ಲವಾದರೆ ಅಧಿಕಾರಕ್ಕೆ ಬೆಲೆ ಇರುವುದಿಲ್ಲ, ಶಿಸ್ತು ಕೆಡುತ್ತದೆ. ಇಲ್ಲಿ ಮೇಸ್ತ್ರಿಗೆ ಇಬ್ಬರಿಂದ ಪರಸ್ಪರ ವಿರುದ್ಧವಾದ ಆದೇಶ ಬಂದಿದ್ದರಿಂದ ಗೊಂದಲವಾಗಿ ಕೆಲಸ ಹಿಂದೆ ಬಿದ್ದಿದೆ."

ಇದರಲ್ಲಿ ಮೂರು ಸಂಗತಿ ಗಮನಿಸಬೇಕು. ಉಲ್ಲೇಖ ಪ್ರಕರಣದ ಪದಗಳಲ್ಲೇ ಇದೆ, ಉದ್ಧರಣ ಚಿಹ್ನೆಯೊಳಗಿದೆ, ಬೇಡದ ಪದಗಳ ಜಾಗದಲ್ಲಿ ಚುಕ್ಕಿಗಳಿವೆ. ತೂಗುವುದು, ಮುಚ್ಚಳ ಪರೀಕ್ಷಿಸುವುದು ಇವೆಲ್ಲ ಕತೆಯ ವಿವರ, ತತ್ವಕ್ಕೆ ಸಂಬಂಧವಿಲ್ಲ. ಎರಡನೆಯದಾಗಿ, ವಿವರಣೆ ಪುಸ್ತಕದ ಮಾತಿನಿಂದ ಶುರುವಾಗಿ ಕೊನೆಯ ವಾಕ್ಯದಲ್ಲಿ ಮೇಸ್ತ್ರಿಯ ಬಳಿಗೆ ಮರಳಿದೆ. ಆ ಕೊನೆಯ ವಾಕ್ಯವಿಲ್ಲದೆ ಇದ್ದರೆ ಹೆಸರು, ಸಾಲು, ವಿವರಣೆ ಮೂರೂ ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿರುತ್ತವೆ. ಮೂರನೆಯದಾಗಿ, ಗೊಂದಲದ ಸಾಲು ಉಲ್ಲೇಖದಲ್ಲಿಲ್ಲ, ವಿವರಣೆಯಲ್ಲಿದೆ.

ಸಂಖ್ಯೆ ಇದ್ದಾಗ

ತತ್ವಗಳ ಅಧ್ಯಾಯ ಬಿಟ್ಟು ನಿಯಂತ್ರಣದ ಅಧ್ಯಾಯಕ್ಕೆ ಬಂದರೆ ಸಾಕ್ಷಿಯ ರೂಪ ಬದಲಾಗುತ್ತದೆ. ಅಲ್ಲಿ ಪ್ರಕರಣದೊಳಗೆ ಶೇಕಡಾವಾರುಗಳು ಬರುತ್ತವೆ. ಅದೇ ಘಟಕದ ಕತೆಯನ್ನು ಇನ್ನೊಂದು ತಿಂಗಳಿಗೆ ಎಳೆಯೋಣ.

"ತಿಂಗಳ ಕೊನೆಗೆ ಲೆಕ್ಕ ನೋಡಿದಾಗ ಅಂದಾಜಿಗಿಂತ ಕೊರಿಯರ್ ಖರ್ಚು ಶೇ. 18, ಮಸಾಲೆ ಸಾಮಗ್ರಿಯ ಖರ್ಚು ಶೇ. 4 ಏರಿತ್ತು. ಒಟ್ಟು ವೆಚ್ಚದಲ್ಲಿ ದೊಡ್ಡ ಪಾಲು ಸಾಮಗ್ರಿಯದೇ ಆದ್ದರಿಂದ ಮಾಲೀಕರು ಕೊರಿಯರ್ ಬಿಲ್ಲುಗಳನ್ನು ಪಕ್ಕಕ್ಕಿಟ್ಟು ಮಸಾಲೆಯ ಲೆಕ್ಕವನ್ನು ಮೊದಲು ತರಿಸಿಕೊಂಡರು. ಇನ್ನು ಮುಂದೆ ಸಾಮಗ್ರಿ ಖರ್ಚು ಶೇ. 2ರೊಳಗೆ ಏರಿದರೆ ಮೇಸ್ತ್ರಿಗಳೇ ನೋಡಿಕೊಳ್ಳಲಿ, ಅದನ್ನು ಮೀರಿದರೆ ಮಾತ್ರ ತಮ್ಮ ಗಮನಕ್ಕೆ ತರಲಿ ಎಂದೂ ತಿಳಿಸಿದರು."

ಇಲ್ಲಿ ಎರಡು ಪರಿಕಲ್ಪನೆಗಳಿವೆ. ಕ್ರಿಟಿಕಲ್ ಪಾಯಿಂಟ್ ಕಂಟ್ರೋಲ್ ಒಂದು, ಮ್ಯಾನೇಜ್‌ಮೆಂಟ್ ಬೈ ಎಕ್ಸೆಪ್ಷನ್ ಇನ್ನೊಂದು. ಎರಡೂ ವ್ಯತ್ಯಾಸಗಳನ್ನು ವಿಶ್ಲೇಷಿಸುವ ಹಂತಕ್ಕೆ ಸೇರಿದವು, ಎರಡರಲ್ಲೂ ಶೇಕಡಾವಾರು ಬರುತ್ತದೆ. ಹಾಗಾಗಿ ಸಂಖ್ಯೆ ಕಂಡ ಸಾಲನ್ನೆಲ್ಲ ಎತ್ತಿ ಬರೆಯುವವರು ಸಾಲುಗಳನ್ನು ಅದಲುಬದಲು ಮಾಡುತ್ತಾರೆ. ಶೇ. 18 ಎಂಬ ದೊಡ್ಡ ಸಂಖ್ಯೆ ಕಂಡು, ಮಿತಿ ಮೀರಿದೆ, ಆದ್ದರಿಂದ ಎಕ್ಸೆಪ್ಷನ್ ಎಂದು ಬರೆದವರು ಕತೆಯನ್ನು ತಲೆಕೆಳಗು ಮಾಡಿದಂತೆ. ಮಾಲೀಕರು ದೊಡ್ಡ ಸಂಖ್ಯೆಯನ್ನೇ ಪಕ್ಕಕ್ಕಿಟ್ಟಿದ್ದಾರೆ.

ಮೊದಲನೆಯ ಪರಿಕಲ್ಪನೆ ಎಲ್ಲಿ ನೋಡಬೇಕೆಂಬ ಪ್ರಶ್ನೆಗೆ ಉತ್ತರ. ಎಲ್ಲ ಚಟುವಟಿಕೆಗಳ ಮೇಲೂ ಕಣ್ಣಿಡುವುದು ಆಗದ ಕೆಲಸ, ಹಾಗಾಗಿ ಸಂಸ್ಥೆಯ ಯಶಸ್ಸಿಗೆ ನಿರ್ಣಾಯಕವಾದ ಕ್ಷೇತ್ರಗಳ ಮೇಲೆ ಗಮನ. ಪಠ್ಯಪುಸ್ತಕ ಇದನ್ನೇ ಹೇಳಲು, ತಯಾರಿಕಾ ಸಂಸ್ಥೆಗೆ ಅಂಚೆ ಖರ್ಚು ಶೇ. 15 ಏರುವುದಕ್ಕಿಂತ ಕೂಲಿ ವೆಚ್ಚ ಶೇ. 5 ಏರುವುದು ಹೆಚ್ಚು ತೊಂದರೆಯದು ಎನ್ನುತ್ತದೆ. ಎರಡನೆಯದು ಎಷ್ಟಾದಾಗ ನೋಡಬೇಕೆಂಬ ಪ್ರಶ್ನೆಗೆ ಉತ್ತರ. ಒಪ್ಪಬಹುದಾದ ಮಿತಿಯೊಂದನ್ನು ಮೊದಲೇ ಇಟ್ಟು, ಅದನ್ನು ದಾಟಿದ್ದನ್ನು ಮಾತ್ರ ಮೇಲಕ್ಕೆ ತರುವುದು. ಆದ್ದರಿಂದ ಕ್ರಿಟಿಕಲ್ ಪಾಯಿಂಟಿಗೆ ಸಾಕ್ಷಿ "ದೊಡ್ಡ ಪಾಲು ಸಾಮಗ್ರಿಯದೇ ಆದ್ದರಿಂದ... ಮಸಾಲೆಯ ಲೆಕ್ಕವನ್ನು ಮೊದಲು ತರಿಸಿಕೊಂಡರು" ಎಂಬುದು. ಎಕ್ಸೆಪ್ಷನ್‌ಗೆ ಸಾಕ್ಷಿ "ಅದನ್ನು ಮೀರಿದರೆ ಮಾತ್ರ ತಮ್ಮ ಗಮನಕ್ಕೆ ತರಲಿ" ಎಂಬುದು. ಮೊದಲ ಉಲ್ಲೇಖದಲ್ಲಿ ಒಂದೂ ಸಂಖ್ಯೆ ಇಲ್ಲ ಎಂಬುದನ್ನು ಗಮನಿಸಿ. ಸಂಖ್ಯೆಗಳು ಪ್ರಕರಣಕ್ಕೆ ಬೇಕು, ಆದರೆ ಅಲ್ಲಿ ಸಾಕ್ಷಿ ಹೇಳುವುದು "ಆದ್ದರಿಂದ" ಎಂಬ ಪದ.

ಒಂದು ಸಾಲಿಗೆ ಎರಡು ಉತ್ತರ

ಎಷ್ಟು ಎಚ್ಚರದಿಂದ ಓದಿದರೂ ಒಂದೇ ಸಾಲು ಎರಡು ಉತ್ತರಗಳಿಗೆ ಹೊಂದುವ ಸಂದರ್ಭ ಬರುತ್ತದೆ. ಖರೀದಿ ಅಧಿಕಾರಿಯ ಸಾಲುಗಳನ್ನೇ ತೆಗೆದುಕೊಳ್ಳಿ. ತತ್ವಗಳ ಅಧ್ಯಾಯದಿಂದ ಕೇಳಿದರೆ ಅಧಿಕಾರ ಮತ್ತು ಹೊಣೆಗಾರಿಕೆಯ ತತ್ವ. ಸಂಘಟನೆಯ ಅಧ್ಯಾಯದಿಂದ ಕೇಳಿದರೆ ಅದೇ ಸಾಲುಗಳು ಡೆಲಿಗೇಷನ್, ಅಂದರೆ ಅಧಿಕಾರ ನಿಯೋಜನೆಯ ಪ್ರಕರಣ. ಡೆಲಿಗೇಷನ್ನಿಗೆ ಮೂರು ಅಂಶಗಳಿವೆ: ಅಧಿಕಾರ, ಹೊಣೆ, ಉತ್ತರದಾಯಿತ್ವ. ಅವುಗಳಲ್ಲಿ ಒಂದು ಸಾಲದೆ ಬಂದಿದೆ ಎಂದು ಬರೆಯಬೇಕು. ಮಾಲೀಕರು ಊರಿಂದ ಬಂದು ಖರೀದಿ ಅಧಿಕಾರಿಯನ್ನೇ ಬೈದರು ಎಂಬ ಇನ್ನೊಂದು ಸಾಲು ಸೇರಿದ್ದರೆ, ಕೆಲಸವನ್ನು ವಹಿಸಿಕೊಟ್ಟರೂ ಅದರ ಅಂತಿಮ ಉತ್ತರದಾಯಿತ್ವವನ್ನು ಮಾಲೀಕರು ವರ್ಗಾಯಿಸಿ ಕೈ ತೊಳೆದುಕೊಳ್ಳಲಾರರು ಎಂಬ ಅಂಶವೂ ಕತೆಯೊಳಕ್ಕೆ ಬರುತ್ತಿತ್ತು. ಇಂಥಲ್ಲಿ ತೀರ್ಮಾನಿಸುವುದು ಪ್ರಶ್ನೆಯಲ್ಲಿರುವ ನಾಮಪದ. ತತ್ವ ಎಂದಿದೆಯೋ, ಪರಿಕಲ್ಪನೆ ಎಂದಿದೆಯೋ, ಅಂಶ ಎಂದಿದೆಯೋ ನೋಡಿ ಬರೆಯಬೇಕು.

ಪದವೊಂದು ಕಂಡಿತೆಂದು ಹೆಸರು ಬರೆಯುವುದು ಇದಕ್ಕಿಂತ ಅಪಾಯದ್ದು. ಪ್ರಕರಣದಲ್ಲಿ "ಯೋಜನೆ" ಎಂಬ ಪದ ಇದ್ದ ಮಾತ್ರಕ್ಕೆ ಅದು ಪ್ಲಾನಿಂಗ್ ಆಗುವುದಿಲ್ಲ. ಯೋಜನೆಯಂತೆ ಕೆಲಸ ನಡೆಯಿತೇ ಎಂದು ಹೋಲಿಸಿ ನೋಡುತ್ತಿದ್ದರೆ ಅದು ಕಂಟ್ರೋಲಿಂಗ್. ಈಚಿನ ಪತ್ರಿಕೆಗಳನ್ನು ತಯಾರಿಸುವವರಿಗೆ ಕೀಲಿಪದಗಳ ಪಟ್ಟಿ ಬಾಯಿಪಾಠ ಮಾಡುವ ಟ್ಯೂಷನ್ ಪದ್ಧತಿ ಗೊತ್ತಿಲ್ಲದ್ದೇನಲ್ಲ. ಪದ ಯಾವುದು ಎನ್ನುವುದಕ್ಕಿಂತ ಯಾರು ಯಾರಿಗೆ ಏನು ಮಾಡಿದರು ಎಂದು ಕೇಳಿಕೊಂಡವರು ಬಲೆಗೆ ಬೀಳುವುದಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವವರು ಹಳೆಯ ಪತ್ರಿಕೆಯ ಒಂದು ಪ್ರಕರಣ ತೆಗೆದುಕೊಂಡು, ಉತ್ತರದಲ್ಲಿ ತಾವು ಉಲ್ಲೇಖಿಸಿದ ಸಾಲನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದು, ಜೊತೆಗೆ ಓದುವ ಗೆಳೆಯರ ಕೈಗೆ ಕೊಡಲಿ. ಕತೆ ತೋರಿಸಬಾರದು, ತತ್ವದ ಹೆಸರೂ ಬೇಡ. ಆ ಒಂದು ಸಾಲಿನಿಂದಲೇ ಅವರು ಸರಿಯಾದ ಹೆಸರಿಗೆ ಬಂದರೆ ಉಲ್ಲೇಖ ಗಟ್ಟಿಯಾಗಿದೆ. ಎರಡು ಹೆಸರುಗಳ ನಡುವೆ ಅವರು ತೂಗುತ್ತಿದ್ದರೆ ಸಾಲಿನ ಒಂದು ತುಣುಕು ಪ್ರಕರಣದಲ್ಲೇ ಉಳಿದುಹೋಗಿದೆ ಎಂದರ್ಥ. ಬಾಟಲಿ ಮೇಸ್ತ್ರಿಯ ಸಾಲಿನಿಂದ "ಅವರಿಗೇ" ಎಂಬ ಪದವನ್ನು ತೆಗೆದು ಕೊಟ್ಟು ನೋಡಿ. ಇಬ್ಬರು ವ್ಯವಸ್ಥಾಪಕರು ಎರಡು ಆದೇಶ ಹೊರಡಿಸಿದರು ಎಂದಷ್ಟೇ ಉಳಿಯುತ್ತದೆ. ಅವರು ಕಮಾಂಡ್ ಎಂದೂ ಹೇಳಬಹುದು, ಡೈರೆಕ್ಷನ್ ಎಂದೂ ಹೇಳಬಹುದು, ಎರಡೂ ತಪ್ಪೆನ್ನಲು ನಿಮ್ಮ ಬಳಿ ಏನೂ ಇರುವುದಿಲ್ಲ.